ಹೊರಡುವ ಹೊತ್ತು 6:10: ಕ್ಯಾಲೆಂಡರ್ ಸೂಚನೆಗಳ ಕುರಿತು ಕೊಡಗಿನ ಒಂದು ಮನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ನಾಪೋಕ್ಲು ಭಾಗದ ಒಂದು ಕಾಫಿ ತೋಟದ ಮನೆಗೆ ಸೇರಿದ್ದು. ಮನೆಯಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇದ್ದಾರೆ. ಒಬ್ಬಳೇ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಹಿರಿಯರ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಎರಡು ತಿಂಗಳಿಗೊಮ್ಮೆ ಮೈಸೂರಿನ ಒಂದು ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕಾಗಿತ್ತು. ಹಿರಿಯರು ಈಗ ದೂರದ ದಾರಿಯಲ್ಲಿ ಕಾರು ಓಡಿಸುವುದಿಲ್ಲವಾದ್ದರಿಂದ ಪೇಟೆಯಲ್ಲಿರುವ ಪರಿಚಯದ ಚಾಲಕನೊಬ್ಬ ಬಂದು ಅವರ ಕಾರನ್ನೇ ಓಡಿಸುತ್ತಾನೆ. ಮಡಿಕೇರಿಯಲ್ಲಿ ಹಿರಿಯರಿಗೆ ಮೊಬೈಲ್ ಬಳಕೆ ಹೇಳಿಕೊಡುವ ಕೆಲಸ ಮಾಡುವ ನನ್ನ ಬಳಿಗೆ ಮಗಳು ಎರಡನೆಯ ಭೇಟಿ ಕೆಟ್ಟ ಮೇಲೆ ಬಂದರು. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಇಲ್ಲಿ ಹೇಳಿಲ್ಲ. ಗಂಟೆ ನಿಮಿಷಗಳನ್ನು ಮಾತ್ರ ಹಿರಿಯರು ಪುಟ್ಟ ಡೈರಿಯಲ್ಲಿ ಬರೆದಿಟ್ಟಂತೆಯೇ ಕೊಟ್ಟಿದ್ದೇನೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದೇ ಆ ನಿಮಿಷಗಳ ಮೇಲೆ.

ದಾರಿಯ ಬಗ್ಗೆ ಒಂದು ಮಾತು ಹೇಳಬೇಕು. ಕೊಡಗಿನಲ್ಲಿ ರೈಲು ಇಲ್ಲ. ಮೈಸೂರಿಗೆ ಹೋಗುವವರು ರಸ್ತೆಯನ್ನೇ ನೆಚ್ಚಬೇಕು. ಈ ಮನೆಯವರು ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ ಮಾರ್ಗವಾಗಿ ಆನೆಚೌಕೂರಿನ ಕಾಡು ದಾಟಿ ಹುಣಸೂರಿಗೆ ಬಂದು ಅಲ್ಲಿಂದ ಮೈಸೂರು ಸೇರುತ್ತಾರೆ. ಮಳೆಗಾಲದಲ್ಲಿ ಮರ ಬೀಳುತ್ತದೆ, ಬೆಳಗಿನ ಜಾವ ಮಂಜು ಕವಿದಿರುತ್ತದೆ, ಕಾಡಂಚಿನಲ್ಲಿ ಆನೆ ರಸ್ತೆಗೆ ಬಂದರೆ ಎರಡೂ ಕಡೆಯ ವಾಹನಗಳು ಸುಮ್ಮನೆ ನಿಲ್ಲುತ್ತವೆ.

ಮೊದಲ ಎರಡು ಭೇಟಿಗಳು

ಜೂನ್ ತಿಂಗಳ ಮೊದಲ ಭೇಟಿಗೆ ಮುಂಚೆ ಮಗಳು ಊರಿಗೆ ಬಂದಿದ್ದಾಗ ತಂದೆಯ ಐಫೋನಿನ ಕ್ಯಾಲೆಂಡರಿನಲ್ಲಿ ಬೆಳಿಗ್ಗೆ 10:30ಕ್ಕೆ ‘ಡಾಕ್ಟರ್’ ಎಂದು ನಮೂದಿಸಿದ್ದರು. ಸ್ಥಳದ ಜಾಗದಲ್ಲಿ ಆಸ್ಪತ್ರೆಯನ್ನು ಪಟ್ಟಿಯಿಂದಲೇ ಆರಿಸಿದ್ದರು. `Travel Time` ಎಂಬುದನ್ನು ಆನ್ ಮಾಡಿ `Starting Location` ಆಗಿ ಮನೆಯನ್ನು ಕೊಟ್ಟಿದ್ದರು, `Default Alert Times` ಒಳಗಿನ `Time to Leave` ಕೂಡ ಆನ್ ಇತ್ತು. ಮಾಡಬೇಕಾದದ್ದನ್ನೆಲ್ಲ ಸರಿಯಾಗಿಯೇ ಮಾಡಿದ್ದರು, ಮತ್ತು ಆ ದಿನ ಫೋನು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಪ್ರಯಾಣಕ್ಕೆ 2 ಗಂಟೆ 50 ನಿಮಿಷ ಬೇಕೆಂದು ಲೆಕ್ಕ ಹಾಕಿ 7:40ಕ್ಕೆ ‘ಈಗ ಹೊರಡಿ’ ಎಂಬ ಸೂಚನೆ ಕೊಟ್ಟಿತು.

ಸೂಚನೆ ಬಂದ ಮೇಲೆ ಹಿರಿಯರು ಚಾಲಕನಿಗೆ ಫೋನ್ ಮಾಡಿದರು. ಪೇಟೆಯಿಂದ ತೋಟದ ಮನೆಗೆ ಬರಲು ಅವನಿಗೆ 35 ನಿಮಿಷ ಹಿಡಿಯಿತು. ಕಾರು ಅಂಗಳ ಬಿಟ್ಟಾಗ 8:15. ಆಸ್ಪತ್ರೆ ಮುಟ್ಟಿದಾಗ 11:25. ಟೋಕನ್ ಕೊಡುವುದು 10 ಗಂಟೆಗೇ ಮುಗಿದಿತ್ತು, ವೈದ್ಯರು ಆಪರೇಷನ್ ಥಿಯೇಟರಿಗೆ ಹೋಗಿದ್ದರು, ಮಧ್ಯಾಹ್ನ 3 ಗಂಟೆಯ ನಂತರ ನೋಡಿದರು. ದಂಪತಿಗಳು ಕಾಡಿನ ರಸ್ತೆಯನ್ನು ಮಳೆಯಲ್ಲಿ, ಕತ್ತಲಾದ ಮೇಲೆ ದಾಟಬೇಕಾಯಿತು.

ಈ ಒಂದು ದಿನದಲ್ಲೇ ಎರಡು ಬೇರೆ ಬೇರೆ ತಪ್ಪುಗಳು ಬೆರೆತಿದ್ದವು. ಮೊದಲನೆಯದು, ನಮೂದಿಸಿದ ಸಮಯವೇ ತಪ್ಪು. 10:30 ಎಂಬುದು ವೈದ್ಯರು ನೋಡುವ ಸಮಯ. ರೋಗಿಯ ಪಾಲಿಗೆ ಗಡುವು ಟೋಕನ್ ಮುಗಿಯುವ 10 ಗಂಟೆ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು: ‘ಈಗ ಹೊರಡಿ’ ಎಂಬ ಸೂಚನೆ ಲೆಕ್ಕ ಹಾಕುವುದು ಕಾರಿನ ಚಕ್ರ ಉರುಳುವ ಸಮಯವನ್ನು ಮಾತ್ರ. ಚಾಲಕ ಬರುವುದು, ಹಿರಿಯರು ಮೆಟ್ಟಿಲಿಳಿದು ಕೂರುವುದು, ದಾರಿಯಲ್ಲಿ ಮಾತ್ರೆಗೆ ಮುಂಚೆ ತಿಂಡಿಗೆ ನಿಲ್ಲುವುದು, ಆಸ್ಪತ್ರೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದು ಇವು ಯಾವುವೂ ಅದರ ಲೆಕ್ಕದಲ್ಲಿಲ್ಲ. ಮಗಳು ಬೆಂಗಳೂರಿನಲ್ಲಿ ಇದೇ ಸೂಚನೆಯನ್ನು ನಂಬಿ ದಿನವೂ ಓಡಾಡುತ್ತಾರೆ, ಅಲ್ಲಿ ಅದು ಅವರಿಗೆ ಮೋಸ ಮಾಡಿಲ್ಲ. ಬಾಗಿಲು ಹಾಕಿಕೊಂಡು ಇಳಿದು ಹೋದರೆ ತಮ್ಮ ಗಾಡಿ ಕೆಳಗೇ ಇರುತ್ತದೆ. ಅಪ್ಪನ ಮನೆಯಲ್ಲಿ ‘ಹೊರಡು’ ಎಂಬ ಮಾತಿನ ಅರ್ಥವೇ ಬೇರೆ ಎಂಬುದು ಅವರಿಗೆ ಆಗ ಹೊಳೆಯಲಿಲ್ಲ.

ಆಗಸ್ಟಿನ ಭೇಟಿಗೆ ಅವರು ಸೂಚನೆಗಳ ಸಂಖ್ಯೆಯನ್ನು ಹೆಚ್ಚಿಸಿದರು. ತಮ್ಮ ಗೂಗಲ್ ಕ್ಯಾಲೆಂಡರಿನಲ್ಲಿ 10:30ರ ಅಪಾಯಿಂಟ್‌ಮೆಂಟನ್ನು ನಮೂದಿಸಿ, ತಂದೆಯನ್ನು ಅತಿಥಿಯಾಗಿ ಸೇರಿಸಿ, ಅದಕ್ಕೆ ಐದು ಸೂಚನೆಗಳನ್ನು ಕೊಟ್ಟರು: ಒಂದು ದಿನ ಮುಂಚೆ, ಐದು ಗಂಟೆ ಮುಂಚೆ, ನಾಲ್ಕೂವರೆ, ನಾಲ್ಕು, ಮೂರೂವರೆ. ಗೂಗಲ್ ಕ್ಯಾಲೆಂಡರಿನಲ್ಲಿ ಒಂದು ಕಾರ್ಯಕ್ರಮಕ್ಕೆ ಐದಕ್ಕಿಂತ ಹೆಚ್ಚು ಸೂಚನೆ ಹಾಕಲಾಗುವುದಿಲ್ಲ. ಇದ್ದ ಐದನ್ನೂ ಅವರು ಬಳಸಿದರು.

ಆ ಐದೂ ಬಾರಿಸಿದವು, ಬೆಂಗಳೂರಿನಲ್ಲಿ. ಗೂಗಲ್ ಕ್ಯಾಲೆಂಡರಿನಲ್ಲಿ ಸೂಚನೆಗಳು ಕಾರ್ಯಕ್ರಮಕ್ಕೆ ಸೇರಿದವಲ್ಲ, ಅವನ್ನು ಹಾಕಿಕೊಂಡ ವ್ಯಕ್ತಿಗೆ ಸೇರಿದವು. ಕರೆದವರ ಫೋನಿನಲ್ಲಿ ಎಷ್ಟೇ ಸೂಚನೆ ಇದ್ದರೂ ಅತಿಥಿಯ ಫೋನಿನಲ್ಲಿ ಮೊಳಗುವುದು ಅತಿಥಿಯ ಖಾತೆಯಲ್ಲಿ ಮೊದಲೇ ಹೊಂದಿಸಿಟ್ಟದ್ದು ಮಾತ್ರ. ಹಿರಿಯರ ಖಾತೆಯಲ್ಲಿ ಅದು 30 ನಿಮಿಷ ಮುಂಚಿನ ಒಂದೇ ಸೂಚನೆಯಾಗಿತ್ತು. ಬೆಳಿಗ್ಗೆ 5:30ಕ್ಕೆ ಎದ್ದ ಮಗಳು ಅಪ್ಪನಿಗೆ ಕರೆ ಮಾಡಿದರೆ ಫೋನು ವ್ಯಾಪ್ತಿ ಪ್ರದೇಶದಿಂದ ಹೊರಗಿತ್ತು. ರಾತ್ರಿಯ ಗಾಳಿಮಳೆಗೆ ಕರೆಂಟು ಹೋಗಿ ಟವರೂ ಮಲಗಿತ್ತು. ಹೊರಡುವ ಸೂಚನೆಯೂ ಬರಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಈ ಸಲ ಸ್ಥಳದ ಜಾಗದಲ್ಲಿ ಆತುರದಲ್ಲಿ ‘ಮೈಸೂರು ಆಸ್ಪತ್ರೆ, ಎರಡನೇ ಮಹಡಿ’ ಎಂದು ಕೈಯಿಂದ ಟೈಪ್ ಮಾಡಿದ್ದರು. ನಕ್ಷೆಯಲ್ಲಿ ಯಾವ ಜಾಗಕ್ಕೂ ಹೊಂದದ ಬರಹ ಮನುಷ್ಯರಿಗೆ ಅರ್ಥವಾಗುತ್ತದೆ, ಆದರೆ ಅದರಿಂದ ಫೋನಿಗೆ ದೂರ ಅಳೆಯಲು ಆಗುವುದಿಲ್ಲ. ಇದನ್ನು ಮುಂಚಿತವಾಗಿ ಗುರುತಿಸುವುದು ಸುಲಭ: ಐಫೋನಿನಲ್ಲಿ ಕಾರ್ಯಕ್ರಮವನ್ನು ತೆರೆದಾಗ ಸ್ಥಳದ ಪುಟ್ಟ ನಕ್ಷೆ ಕಾಣಬೇಕು; ಬರೀ ಅಕ್ಷರ ಕಂಡರೆ ಹೊರಡುವ ಸೂಚನೆಯನ್ನು ನೆಚ್ಚಬಾರದು.

ಹಾಗಿದ್ದೂ ಹಿರಿಯರು ಹೊತ್ತಿಗೆ ಸರಿಯಾಗಿಯೇ ಹೊರಟರು. ಗೋಡೆಯ ಕ್ಯಾಲೆಂಡರ್ ನೋಡಿ ಹಿಂದಿನ ದಿನವೇ ಚಾಲಕನಿಗೆ ಹೇಳಿಟ್ಟಿದ್ದರು. ಆದರೆ ಹಳೆಯ ಇಸಿಜಿ, ರಕ್ತಪರೀಕ್ಷೆಯ ಕಾಗದಗಳಿದ್ದ ಫೈಲ್ ಮನೆಯಲ್ಲೇ ಉಳಿಯಿತು. ಫೈಲ್ ನೆನಪಿಸಲೆಂದೇ ಮಗಳು ‘ಒಂದು ದಿನ ಮುಂಚೆ’ಯ ಸೂಚನೆಯನ್ನು ಇಟ್ಟಿದ್ದರು. 10:30ರ ಕಾರ್ಯಕ್ರಮಕ್ಕೆ ಒಂದು ದಿನ ಮುಂಚೆ ಎಂದರೆ ಹಿಂದಿನ ದಿನದ 10:30. ಆಗ ಮಗಳು ಕಚೇರಿಯ ಮೀಟಿಂಗಿನಲ್ಲಿದ್ದರು, ಅಪ್ಪ ತೋಟದಲ್ಲಿ ಕೆಲಸದವರ ಜೊತೆಗಿದ್ದರು.

ಹಿಂದಕ್ಕೆ ಎಣಿಸಿದ್ದು

ನನ್ನ ಬಳಿ ಬಂದಾಗ ಮಗಳು ಕೇಳಿದ್ದು ಇಷ್ಟೇ: “ಅಪ್ಪನ ಫೋನಿಗೆ ಇನ್ನೂ ಜೋರಾಗಿ ಕೂಗೋ ಆ್ಯಪ್ ಯಾವುದಾದರೂ ಇದೆಯಾ?” ಸಮಸ್ಯೆ ಸದ್ದಿನದ್ದಲ್ಲ ಎಂದು ನನಗೆ ಅನ್ನಿಸಿತು. ಕ್ಯಾಲೆಂಡರಿನ ಸೂಚನೆ ಯಾವುದರಿಂದ ಎಣಿಕೆ ಶುರು ಮಾಡುತ್ತದೆ ಎಂಬುದನ್ನು ಅವರಿಗೆ ತೋರಿಸಲು, ಕ್ಯಾಲೆಂಡರುಗಳು ತಮ್ಮೊಳಗೆ ವಿನಿಮಯ ಮಾಡಿಕೊಳ್ಳುವ ಕಡತದ ಐದು ಸಾಲುಗಳನ್ನು ತೆರೆದು ತೋರಿಸಿದೆ.

```
BEGIN:VALARM
ACTION:DISPLAY
TRIGGER:-P1D
DESCRIPTION:ಡಾಕ್ಟರ್
END:VALARM
```

ಇದು 2009ರಲ್ಲಿ ಪ್ರಕಟವಾದ RFC 5545 ಎಂಬ ಮಾನದಂಡದ ಬರವಣಿಗೆ. ಇದರಲ್ಲಿ `TRIGGER` ಎಂಬ ಸಾಲೇ ಮುಖ್ಯ: ಕಾರ್ಯಕ್ರಮ ಆರಂಭವಾಗುವ ಕ್ಷಣದಿಂದ ಒಂದು ದಿನ ಹಿಂದಕ್ಕೆ ಹೋಗು ಎಂದಷ್ಟೇ ಅದು ಹೇಳುತ್ತದೆ. ಚಾಲಕ ಎಲ್ಲಿದ್ದಾನೆ, ಫೈಲ್ ಎಲ್ಲಿದೆ, ಹಿಂದಿನ ದಿನದ ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಹಾಗಾದರೆ ಎಣಿಕೆ ಆರಂಭವಾಗುವ ಕ್ಷಣವನ್ನೇ ನಾವು ಬದಲಾಯಿಸಬೇಕು ಎಂಬಲ್ಲಿಗೆ ಮಾತು ಬಂತು. ಈ ಪ್ರಕರಣದ ತಿರುವು ಇದೇ ಎಂದು ನಾನು ಈಗಲೂ ಭಾವಿಸುತ್ತೇನೆ: ವೈದ್ಯರ ಸಮಯದ ಬದಲಿಗೆ ಮನೆ ಬಿಡುವ ಸಮಯವನ್ನೇ ಒಂದು ಕಾರ್ಯಕ್ರಮವಾಗಿ ನಮೂದಿಸಬೇಕೆಂದು ನಿರ್ಧರಿಸಿದೆವು.

ಹಿರಿಯರ ಡೈರಿಯನ್ನು ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸಿದೆವು. ಟೋಕನ್ ಗಡುವು 10:00. ಆಸ್ಪತ್ರೆಯ ಗೇಟಿನಿಂದ ಕೌಂಟರಿಗೆ ಕಾಲು ಗಂಟೆ, ಆದ್ದರಿಂದ ಗೇಟು ಮುಟ್ಟಬೇಕಾದದ್ದು 9:45. ದಾರಿಗೆ ಅವರು ನಿಜವಾಗಿ ತೆಗೆದುಕೊಂಡದ್ದು ಜೂನಿನಲ್ಲಿ 3 ಗಂಟೆ 10 ನಿಮಿಷ. ಆಗಸ್ಟಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಫೋನು ಹೇಳಿದ 2 ಗಂಟೆ 50 ನಿಮಿಷವನ್ನು ಬಿಟ್ಟು ನಾವು ಡೈರಿಯ ಲೆಕ್ಕವನ್ನೇ ಹಿಡಿದೆವು. ಮಂಜು, ಮರ, ಆನೆ ಇವುಗಳಿಗೆಂದು 25 ನಿಮಿಷ ಸೇರಿಸಿದಾಗ ಮನೆ ಬಿಡುವ ಹೊತ್ತು 6:10 ಎಂದಾಯಿತು. ಚಾಲಕ ಪೇಟೆ ಬಿಡಬೇಕಾದದ್ದು 5:35ಕ್ಕೆ. ಹಿರಿಯರು ಏಳಬೇಕಾದದ್ದು 5 ಗಂಟೆಗೆ.

ಐಫೋನಿನ `Travel Time` ಅನ್ನೇ ಬಳಸಿ ಇದನ್ನು ಮಾಡಬಾರದೇ ಎಂದು ಮಗಳು ಕೇಳಿದರು. ಫೋನಿನಲ್ಲಿ ಅದಕ್ಕೆ ನಾವೇ ಆರಿಸಬಹುದಾದ ಸಿದ್ಧ ಅವಧಿಗಳು ಐದು ನಿಮಿಷದಿಂದ ಆರಂಭವಾಗಿ ಎರಡು ಗಂಟೆಗೆ ಮುಗಿಯುತ್ತವೆ. ಮೂರೂವರೆ ಗಂಟೆಯ ದಾರಿ ಅದರಲ್ಲಿ ಹಿಡಿಸುವುದಿಲ್ಲ. ಹೊರಡುವ ಸ್ಥಳ ಕೊಟ್ಟರೆ ಅದು ತಾನೇ ಅಂದಾಜು ಮಾಡುತ್ತದೆ, ಆದರೆ ಆ ಅಂದಾಜಿಗೆ ನಮ್ಮ 25 ನಿಮಿಷವನ್ನು ಸೇರಿಸಲು ದಾರಿಯಿಲ್ಲ. ಸೂಚನೆಗಳ ಅವಧಿಯೂ ಹಾಗೆಯೇ: ಐಫೋನಿನ ಪಟ್ಟಿಯಲ್ಲಿ ಒಂದು ಗಂಟೆ, ಎರಡು ಗಂಟೆ, ಒಂದು ದಿನ ಎಂಬಂತಹ ಸಿದ್ಧ ಅಂತರಗಳೇ ಇರುತ್ತವೆ, ‘ಹಿಂದಿನ ಸಂಜೆ ಏಳೂವರೆಗೆ’ ಎಂದು ಕೇಳಲಾಗುವುದಿಲ್ಲ.

ಹೀಗಾಗಿ ಅಕ್ಟೋಬರಿಗೆ ನಾಲ್ಕು ಬೇರೆ ಬೇರೆ ಕಾರ್ಯಕ್ರಮಗಳನ್ನು ಮಾಡಿದೆವು. ಹಿಂದಿನ ಸಂಜೆ 7:30ಕ್ಕೆ ‘ಫೈಲ್, ಮಾತ್ರೆ ಡಬ್ಬಿ, ಡ್ರೈವರಿಗೆ ಫೋನ್’. ಚಾಲಕನ ಫೋನಿನಲ್ಲಿ 5:35ಕ್ಕೆ ‘ತೋಟದ ಮನೆಗೆ’. ಹಿರಿಯರ ಫೋನಿನಲ್ಲಿ 6:10ಕ್ಕೆ ‘ಕಾರು ಹತ್ತುವುದು’, ಅದಕ್ಕೆ ಅರ್ಧ ಗಂಟೆ ಮುಂಚೆ ಒಂದು ಮತ್ತು ಅದೇ ಹೊತ್ತಿಗೆ ಇನ್ನೊಂದು ಸೂಚನೆ. ಕೊನೆಗೆ 9:45ಕ್ಕೆ, ಸ್ಥಳವನ್ನು ಪಟ್ಟಿಯಿಂದ ಆರಿಸಿದ, ಹೊರಡುವ ಸೂಚನೆಯನ್ನು ಆನ್ ಇಟ್ಟ ಆಸ್ಪತ್ರೆಯ ಕಾರ್ಯಕ್ರಮ. ಏಳುವುದಕ್ಕೆ ಕ್ಯಾಲೆಂಡರನ್ನು ಬಳಸಲಿಲ್ಲ. ಕ್ಯಾಲೆಂಡರಿನ ಸೂಚನೆ ಒಮ್ಮೆ ಚುಟುಕಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ, ಫೋನು ಸೈಲೆಂಟಿನಲ್ಲಿದ್ದರೆ ಅಷ್ಟೂ ಇಲ್ಲ. ಗಡಿಯಾರದ ಅಲಾರಂ ಆದರೆ ಸೈಲೆಂಟಿನಲ್ಲಿಯೂ ಕೂಗುತ್ತದೆ, ನಾವು ನಿಲ್ಲಿಸುವ ತನಕ ಬಿಡುವುದಿಲ್ಲ. ಮಲಗಿದವರನ್ನು ಎಬ್ಬಿಸುವ ಕೆಲಸವನ್ನು ಕ್ಯಾಲೆಂಡರಿಗೆ ಒಪ್ಪಿಸಬಾರದೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಅಕ್ಟೋಬರ್

ಭೇಟಿಯ ಹಿಂದಿನ ಸಂಜೆಯಿಂದಲೇ ನೆಟ್‌ವರ್ಕ್ ಇರಲಿಲ್ಲ. ಆದರೂ ಸಂಜೆ 7:30ರ ಸೂಚನೆ ಬಂತು, ಬೆಳಗಿನ 5:40 ಮತ್ತು 6:10ರ ಸೂಚನೆಗಳೂ ಬಂದವು. ಆಸ್ಪತ್ರೆಯ ಕಾರ್ಯಕ್ರಮದ ಹೊರಡುವ ಸೂಚನೆ ಮಾತ್ರ ಬರಲಿಲ್ಲ. ಕ್ಯಾಲೆಂಡರಿನ ಎಲ್ಲ ಸೂಚನೆಗಳೂ ಒಂದೇ ಜಾತಿಯವು ಎಂದು ತಿಳಿದವರಿಗೆ ಈ ಬೆಳಗು ಕಣ್ಣು ತೆರೆಸುವಂತಿತ್ತು. ಇಂತಿಷ್ಟು ಹೊತ್ತಿಗೆ ಎಂದು ನಿಗದಿಯಾದ ಸೂಚನೆ ಒಮ್ಮೆ ಫೋನಿನೊಳಗೆ ಬಂದು ಕುಳಿತರೆ ಮುಗಿಯಿತು, ಅದಕ್ಕೆ ಬೇಕಾದದ್ದು ಗಡಿಯಾರ ಮತ್ತು ಚಾರ್ಜ್ ಮಾತ್ರ. ಹೊರಡುವ ಸೂಚನೆಗೆ ಇನ್ನೂ ಹಲವು ಆಸರೆಗಳು ಬೇಕು: ಕ್ಯಾಲೆಂಡರಿಗೆ ಲೊಕೇಶನ್ ಬಳಸಲು ಅನುಮತಿ ಇರಬೇಕು, ಫೋನಿಗೆ ತಾನು ಎಲ್ಲಿದ್ದೇನೆಂದು ಗೊತ್ತಾಗಬೇಕು, ನಕ್ಷೆಯ ಸರ್ವರಿನಿಂದ ಪ್ರಯಾಣದ ಅಂದಾಜು ಬರಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಸೂಚನೆ ತಡವಾಗುತ್ತದೆ ಅಥವಾ ಬರುವುದೇ ಇಲ್ಲ, ಮತ್ತು ಬರಲಿಲ್ಲ ಎಂದು ಯಾರೂ ನಮಗೆ ತಿಳಿಸುವುದಿಲ್ಲ. ನನಗೆ ಹೆಚ್ಚು ಕಳವಳ ತಂದದ್ದು ಈ ಮೌನವೇ, ಏಕೆಂದರೆ ಸೂಚನೆಗಾಗಿ ಕಾಯುತ್ತಿರುವವರಿಗೆ ಮೌನವೆಂದರೆ ‘ಇನ್ನೂ ಹೊತ್ತಿದೆ’ ಎಂದೇ ಅರ್ಥ.

ಅಂದು ಕಾರು 6:15ಕ್ಕೆ ಹೊರಟಿತು. ತಿತಿಮತಿ ದಾಟಿದ ಮೇಲೆ ದಟ್ಟ ಮಂಜಿನಿಂದ 15 ನಿಮಿಷ ತಡವಾದರೂ 9:40ಕ್ಕೆ ಗೇಟು ಮುಟ್ಟಿದರು.

ಅದೇ ದಿನ ಹೊರಡುವ ಸೂಚನೆ ತನ್ನ ಬೆಲೆಯನ್ನೂ ತೋರಿಸಿತು. ವೈದ್ಯರು ಮಧ್ಯಾಹ್ನ 2:30ಕ್ಕೆ ನಗರದ ಇನ್ನೊಂದು ಭಾಗದಲ್ಲಿ ಸ್ಕ್ಯಾನ್ ಬರೆದುಕೊಟ್ಟರು. ಆಸ್ಪತ್ರೆಯಲ್ಲಿ ಕುಳಿತೇ ಹಿರಿಯರು ಅದನ್ನು ಫೋನಿನಲ್ಲಿ ನಮೂದಿಸಿದರು, ಸ್ಥಳವನ್ನು ಪಟ್ಟಿಯಿಂದ ಆರಿಸಲು ಈಗ ಅವರಿಗೆ ಬರುತ್ತಿತ್ತು. ದಸರೆಯ ಜನಸಂದಣಿಯಿಂದ ರಸ್ತೆಗಳು ತುಂಬಿದ್ದವು. ಬೆಳಿಗ್ಗೆ ನೋಡಿದಾಗ 15 ನಿಮಿಷ ಎಂದಿದ್ದ ದಾರಿಗೆ ಮಧ್ಯಾಹ್ನ 30 ನಿಮಿಷ ಬೇಕೆಂದು ಫೋನು ಕಂಡುಕೊಂಡು 2 ಗಂಟೆಗೇ ಹೊರಡಲು ಹೇಳಿತು. ಅವರು ಕೂಡಲೇ ಎದ್ದರು, 2:30ಕ್ಕೆ ಸರಿಯಾಗಿ ಅಲ್ಲಿದ್ದರು. ನಗರದಲ್ಲಿ ಸಾವಿರಾರು ಫೋನುಗಳು ಒಂದೇ ರಸ್ತೆಯಲ್ಲಿ ಚಲಿಸುತ್ತಿರುವುದರಿಂದ ಎಲ್ಲಿ ವೇಗ ಕುಸಿದಿದೆ ಎಂಬುದು ನಕ್ಷೆಗೆ ಬೇಗ ತಿಳಿಯುತ್ತದೆ. ಬೆಳಗಿನ ಐದೂವರೆಗೆ ನಮ್ಮ ಕಾಡಿನ ರಸ್ತೆಯಲ್ಲಿ ಮರ ಬಿದ್ದರೆ, ಅದನ್ನು ನಕ್ಷೆಗೆ ತಿಳಿಸಲು ಅಲ್ಲಿ ನಿಂತಿರುವ ವಾಹನಗಳೇ ಬೆರಳೆಣಿಕೆಯಷ್ಟು.

ಡಿಸೆಂಬರಿನ ಎಡವಟ್ಟು

ಅಕ್ಟೋಬರಿನ ವ್ಯವಸ್ಥೆ ಸರಿಯಾಯಿತೆಂದು ನಾವೆಲ್ಲ ನಿರಾಳವಾಗಿದ್ದೆವು. ಡಿಸೆಂಬರಿನ ಭೇಟಿಯ ಹಿಂದಿನ ಮಧ್ಯಾಹ್ನ ಆಸ್ಪತ್ರೆಯಿಂದ ಮಗಳಿಗೆ ಕರೆ ಬಂತು: ವೈದ್ಯರು ನಾಳೆ 10:30ರ ಬದಲು 1:30ಕ್ಕೆ ನೋಡುತ್ತಾರೆ, ಟೋಕನ್ 1 ಗಂಟೆಯವರೆಗೆ. ಮಗಳು ಆಸ್ಪತ್ರೆಯ ಕಾರ್ಯಕ್ರಮವನ್ನು ಮೂರು ಗಂಟೆ ಮುಂದಕ್ಕೆ ಸರಿಸಿ ಕೆಲಸಕ್ಕೆ ಮರಳಿದರು. ಉಳಿದ ಮೂರು ಇದ್ದಲ್ಲಿಯೇ ಇದ್ದವು. ಮರುದಿನ ಕೊರೆಯುವ ಚಳಿಯಲ್ಲಿ ಚಾಲಕ 6:10ಕ್ಕೆ ಅಂಗಳದಲ್ಲಿದ್ದ, ಹಿರಿಯರು ಸ್ವೆಟರ್ ಹಾಕಿಕೊಂಡು ಕಾರು ಹತ್ತಿದರು, 9:30ಕ್ಕೆ ಆಸ್ಪತ್ರೆ ಸೇರಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತರು. ಹೃದಯದ ರೋಗಿಗೆ ಅದು ಸಣ್ಣ ದಣಿವಲ್ಲ.

ಈ ತಪ್ಪು ನನ್ನದು. ಒಂದು ಕಾರ್ಯಕ್ರಮಕ್ಕೆ ಅಂಟಿದ ಸೂಚನೆಗಳು ಆ ಕಾರ್ಯಕ್ರಮ ಸರಿದಾಗ ತಾವೂ ಸರಿಯುತ್ತವೆ. ಬೇರೆ ಬೇರೆಯಾಗಿ ನಮೂದಿಸಿದವು ಸರಿಯುವುದಿಲ್ಲ. ನಾಲ್ಕಾಗಿ ಒಡೆದಾಗ ನಾನು ಆ ಬಂಧವನ್ನೇ ಕಡಿದು ಹಾಕಿದ್ದೆ, ಮತ್ತು ಅದನ್ನು ಮಗಳಿಗೆ ಹೇಳಿರಲಿಲ್ಲ.

ಫೆಬ್ರವರಿಗೆ ನಾಲ್ಕನ್ನು ಎರಡಕ್ಕೆ ಇಳಿಸಿದೆವು. ಮುಖ್ಯವಾದದ್ದು 6:10ರ ‘ಮನೆ ಬಿಡುವುದು’. ಇದರಲ್ಲಿ ಚಾಲಕನೂ ಮಗಳೂ ಕಾರ್ಯಕ್ರಮವನ್ನು ಬದಲಿಸುವ ಅನುಮತಿಯುಳ್ಳ ಅತಿಥಿಗಳು. ಚಾಲಕನ ಫೋನನ್ನು ನಾನೇ ಕೈಗೆ ತೆಗೆದುಕೊಂಡು ಆ ಕಾರ್ಯಕ್ರಮಕ್ಕೆ ಅವನದೇ ಎರಡು ಸೂಚನೆಗಳನ್ನು ಹಾಕಿಸಿದೆ: 55 ನಿಮಿಷ ಮುಂಚೆ ಒಂದು, 35 ನಿಮಿಷ ಮುಂಚೆ ಇನ್ನೊಂದು. ಅವನ ಆಂಡ್ರಾಯ್ಡ್ ಫೋನಿನಲ್ಲಿ ಕ್ಯಾಲೆಂಡರಿಗೆ ನೋಟಿಫಿಕೇಶನ್ ಅನುಮತಿ ಇದೆಯೇ, ಬ್ಯಾಟರಿ ಉಳಿಸುವ ಪಟ್ಟಿಯಿಂದ ಅದನ್ನು ಹೊರಗಿಡಲಾಗಿದೆಯೇ ಎಂದು ನೋಡಿ, ಹತ್ತು ನಿಮಿಷದಾಚೆಗೆ ಒಂದು ಸುಳ್ಳು ಕಾರ್ಯಕ್ರಮ ಹಾಕಿ, ಪರದೆ ಆರಿಸಿ ಮೇಜಿನ ಮೇಲಿಟ್ಟು ಕಾದೆವು. ಸದ್ದು ಬಂದ ಮೇಲೆಯೇ ಎದ್ದೆವು. ವೈದ್ಯರು ನೋಡುವ ಸಮಯ ಮತ್ತು ಟೋಕನ್ ಗಡುವನ್ನು ಇದೇ ಕಾರ್ಯಕ್ರಮದ ಟಿಪ್ಪಣಿಯಲ್ಲಿ ಬರೆದೆವು. ಎರಡನೆಯದು ಹಿಂದಿನ ಸಂಜೆ 7:30ರದು. ಬೆಳಗಿನ ಗಂಟೆ ಬದಲಾದರೂ ಫೈಲ್ ತೆಗೆದಿಡುವ ಹೊತ್ತು ಬದಲಾಗಬೇಕಿಲ್ಲವಾದ್ದರಿಂದ ಅದನ್ನು ಪ್ರತ್ಯೇಕವಾಗಿಯೇ ಉಳಿಸಿದೆವು. ಆಸ್ಪತ್ರೆಯ ಕಾರ್ಯಕ್ರಮವನ್ನು ತೆಗೆದುಹಾಕಿದೆವು. ಮೈಸೂರಿನೊಳಗೆ ಬೇರೆ ಕಡೆ ಹೋಗಬೇಕಾದಾಗ ಮಾತ್ರ ಹಿರಿಯರು ಹೊರಡುವ ಸೂಚನೆಯನ್ನು ಬಳಸುತ್ತಾರೆ.

ಒಂದು ಮಿತಿ ಉಳಿದಿದೆ. ಮಗಳು ಬೆಂಗಳೂರಿನಿಂದ ಸಮಯ ಸರಿಸಿದರೆ ಆ ಬದಲಾವಣೆ ತೋಟದ ಮನೆಗೆ ತಲುಪಲು ನೆಟ್‌ವರ್ಕ್ ಬೇಕು, ಅಲ್ಲಿಯವರೆಗೆ ಫೋನು ಹಳೆಯ ಹೊತ್ತಿಗೇ ಬಾರಿಸುತ್ತದೆ. ಅದಕ್ಕಾಗಿ ಮಗಳು ಸಮಯ ಬದಲಿಸಿದ ಮೇಲೆ ಚಾಲಕನಿಗೆ ಕರೆ ಮಾಡುತ್ತಾರೆ, ಪೇಟೆಯಲ್ಲಿ ಟವರ್ ಸಾಮಾನ್ಯವಾಗಿ ಇರುತ್ತದೆ. ಹೊಸ ಸಮಯವನ್ನು ಅವನು ಓದಿ ಹೇಳಿದ ಮೇಲೆಯೇ ಫೋನ್ ಇಡುತ್ತಾರೆ. ಫೆಬ್ರವರಿಯ ಭೇಟಿಯಲ್ಲಿ ಕಾರು 6:10ಕ್ಕೆ ಅಂಗಳ ಬಿಟ್ಟು 9:30ಕ್ಕೆ ಆಸ್ಪತ್ರೆ ಸೇರಿತು. ಏಪ್ರಿಲಿನ ಭೇಟಿಯ ದಿನಾಂಕದ ಪಕ್ಕದಲ್ಲಿ, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಿರಿಯರ ಹೆಂಡತಿ ಪೆನ್ಸಿಲಿನಲ್ಲಿ 6:10 ಎಂದು ಬರೆದಿದ್ದಾರೆ. 10:30 ಎಂದು ಎಲ್ಲಿಯೂ ಬರೆದಿಲ್ಲ.